ಇನ್ವೆಸ್ಟರ್ ಕೈಗೆ ಹೋಗೋ ಮುಂಚೆ ಬಿಸಿನೆಸ್ ಪ್ಲಾನ್ ತಿದ್ದೋದು ಹೇಗೆ: ಒಂದು ಗಾಣದೆಣ್ಣೆ ಕಂಪನಿ ಕಥೆ ಇಟ್ಕೊಂಡು

ಹೋದ ವರ್ಷ ಹುಬ್ಬಳ್ಳಿಯ ಗೆಳೆಯನೊಬ್ಬ 28 ಪುಟದ ಬಿಸಿನೆಸ್ ಪ್ಲಾನ್ ಕಳಿಸಿ "ಅಣ್ಣಾರ, ಇದರಾಗ ಸ್ಪೆಲಿಂಗ್ ಮಿಸ್ಟೇಕ್ ಅದಾವೇನ್ ಸ್ವಲ್ಪ ನೋಡ್ರಿ, ಸೋಮವಾರ ಇನ್ವೆಸ್ಟರ್‌ಗೆ ಕಳಸ್ಬೇಕು" ಅಂದ. ಅವನದು ಗಾಣದೆಣ್ಣೆ ಬಿಸಿನೆಸ್ಸು, ಶೇಂಗಾ ಮತ್ತೆ ಕುಸುಬೆ. ನಾನು ಕೆಲವು ವರ್ಷ ಆಡಿಟರ್ ಆಫೀಸಲ್ಲಿ ಕೂತಿದ್ದವನು, ಹಾಗಾಗಿ ಪರಿಚಯದವರ ಇಂಥ ಫೈಲುಗಳು ಆಗಾಗ ನನ್ನ ಹತ್ರ ಬರ್ತಿರ್ತವೆ. ಸ್ಪೆಲಿಂಗ್ ಮಿಸ್ಟೇಕು ಹನ್ನೊಂದೇ ಸಿಕ್ಕಿದ್ದು, ಆದ್ರೆ ಅದೇ ಪ್ಲಾನಲ್ಲಿ ಹೋದ ವರ್ಷದ ಮಾರಾಟ ಎರಡು ಥರ, ಕಂಪನಿ ಶುರುವಾದ ವರ್ಷ ಸರ್ಟಿಫಿಕೇಟಲ್ಲಿರೋದಕ್ಕಿಂತ ಬೇರೆ, ಕಂಪನಿ ಏನು ಮಾಡುತ್ತೆ ಅನ್ನೋದು ಮೂರು ಥರ ಇತ್ತು. ಅದನ್ನ ಹೇಗೆ ಹಿಡಿದು ಸರಿ ಮಾಡಿದ್ವಿ ಅಂತ ಬರೀತಿದೀನಿ, ನಿಮ್ಮ ಪ್ಲಾನಿಗೂ ಇದೇ ದಾರೀಲಿ ಹೋಗಬಹುದು. (ಹೆಸರು, ಗುರುತು ಬಿಟ್ಟಿದೀನಿ, ಅಂಕಿಗಳನ್ನ ಲೆಕ್ಕಕ್ಕೆ ಸುಲಭ ಆಗೋ ಹಾಗೆ ದುಂಡಗೆ ಮಾಡಿದೀನಿ.)

ಮೊದಲು ಪ್ಲಾನ್ ಓದ್ಬೇಡಿ, ಪಕ್ಕದ ಕಾಗದ ಕೇಳಿ

ಬರೀ ವರ್ಡ್ ಫೈಲ್ ಕೊಟ್ರೆ ತಪ್ಪು ಗೊತ್ತಾಗಲ್ಲ. 84 ಲಕ್ಷ ಅಂತ ಬರೆದಿದ್ರೆ ಅದು ಸರಿನಾ ತಪ್ಪಾ ಅಂತ ಆ ಪುಟ ನೋಡಿ ಹೇಳೋಕೆ ಬ್ರಹ್ಮನಿಗೂ ಆಗಲ್ಲ. ಅದಕ್ಕೆ ನಾಲ್ಕು ಕೇಳ್ಕೋತೀನಿ: ಪ್ಲಾನಿನ ಅಂಕಿಗಳು ಹುಟ್ಟಿದ ಎಕ್ಸೆಲ್ ಶೀಟು, ಕಂಪನಿ ರಿಜಿಸ್ಟ್ರೇಷನ್ ಸರ್ಟಿಫಿಕೇಟು, ಆ ವರ್ಷದ ಜಿಎಸ್‌ಟಿ ರಿಟರ್ನುಗಳು, ಆಮೇಲೆ ಆರ್ಡರ್ ಲಿಸ್ಟು. ಇನ್ವೆಸ್ಟರ್ ಮುಂದೆ ಕೇಳೋದೂ ಹೆಚ್ಚುಕಮ್ಮಿ ಇವನ್ನೇ. ಅವರು ನೋಡೋ ಮುಂಚೆ ನಾವು ನೋಡಿಬಿಟ್ರೆ ಒಳ್ಳೇದು ಅಷ್ಟೇ.

ಇನ್ನೊಂದು ಮಾತು ಮೊದಲೇ ಹೇಳ್ಬಿಡ್ತೀನಿ, ಅಂಕಿಯನ್ನ ನೀವೇ ತಿದ್ದೋಕೆ ಹೋಗ್ಬೇಡಿ. ಕಾಗುಣಿತ, ವ್ಯಾಕರಣ ತಿದ್ದಿ, ಆದ್ರೆ ಅಂಕಿ ತಪ್ಪು ಅನ್ನಿಸಿದ್ರೆ ಕಾಮೆಂಟ್ ಹಾಕಿ "ಪುಟ 3ರಲ್ಲಿ ಹೀಗಿದೆ, ಪುಟ 19ರಲ್ಲಿ ಹಾಗಿದೆ, ಯಾವ್ದು?" ಅಂತ ಕೇಳಿ. ನೀವು ಒಂದನ್ನ ಸರಿ ಅಂದ್ಕೊಂಡು ಇನ್ನೊಂದನ್ನ ಬದಲಾಯಿಸಿಬಿಟ್ರೆ ಎರಡೂ ಕಡೆ ಒಂದೇ ತಪ್ಪು ಕೂತ್ಕೊಳುತ್ತೆ, ಆಮೇಲೆ ಅದು ಯಾರಿಗೂ ಕಾಣಿಸಲ್ಲ.

ಅಂಕಿಗಳಿಗೆ ಒಂದು ಬೇರೆ ಹಾಳೆ

ಈಗ ಪ್ಲಾನ್ ತೆಗೆದು ವಾಕ್ಯಗಳನ್ನ ಓದ್ದೆ ಬರೀ ಅಂಕಿಗಳನ್ನ ಹೆಕ್ಕಿ. ಅಕ್ಕಿಯಲ್ಲಿ ಕಲ್ಲು ಆರಿಸೋ ಥರ ಪುಟ ಪುಟಾನೂ ನೋಡ್ತಾ, ಗ್ರಾಫ್ ಒಳಗಿರೋದು, ಫೋಟೋ ಕೆಳಗಿರೋದು, ಫುಟ್‌ನೋಟಲ್ಲಿರೋದು ಎಲ್ಲಾ ಒಂದು ಶೀಟಿಗೆ ಹಾಕ್ಕೊಳ್ಳಿ. ಪ್ರತಿ ಅಂಕಿಗೂ ಐದು ಕಾಲಂ ಸಾಕು: ಯಾವ ಪುಟ, ಎಷ್ಟು, ಯಾವ ಅವಧಿದು, ಜಿಎಸ್‌ಟಿ ಸೇರಿದೆಯಾ ಇಲ್ವಾ, ಎಲ್ಲಿಂದ ಬಂತು. 28 ಪುಟಕ್ಕೆ ನನಗೆ ಎರಡು ಗಂಟೆ ಹಿಡೀತು, ಬೋರಿಂಗ್ ಕೆಲಸ ಅನ್ನೋದರಲ್ಲಿ ಎರಡು ಮಾತಿಲ್ಲ, ಆದ್ರೆ ತಪ್ಪುಗಳಲ್ಲಿ ಮುಕ್ಕಾಲು ಪಾಲು ಸಿಗೋದು ಇಲ್ಲೇ.

ಹಾಕಿದ ಮೇಲೆ ಒಂದೇ ವಿಷಯದ ಅಂಕಿಗಳು ಅಕ್ಕಪಕ್ಕ ಬರೋ ಹಾಗೆ ಸಾರ್ಟ್ ಮಾಡಿ. ನಮ್ಮ ಪ್ಲಾನಲ್ಲಿ 2024-25ರ ಮಾರಾಟ ಹೀಗೆ ಕಾಣಿಸ್ತು: ಪುಟ 3ರ ಸಾರಾಂಶದಲ್ಲಿ 84 ಲಕ್ಷ, ಪುಟ 11ರ ಗ್ರಾಫಲ್ಲಿ ತಿಂಗಳಿಗೆ 7 ಲಕ್ಷ, ಪುಟ 19ರ ಹಣಕಾಸಿನ ಟೇಬಲ್ಲಲ್ಲಿ 80 ಲಕ್ಷ. ಏಳನ್ನ ಹನ್ನೆರಡರಿಂದ ಗುಣಿಸಿದ್ರೆ 84, ಅಂದ್ರೆ ಮೊದಲೆರಡು ಒಂದೇ ಮನೆಯವು. ಹಾಗಾದ್ರೆ 80 ಎಲ್ಲಿಂದ ಬಂತು?

ಇಲ್ಲಿ ವ್ಯತ್ಯಾಸದ ಪ್ರಮಾಣ ನೋಡೋದು ಒಳ್ಳೆ ಟ್ರಿಕ್ಕು. 84ನ್ನ 80ರಿಂದ ಭಾಗಿಸಿದ್ರೆ 1.05 ಬರುತ್ತೆ, ಅಡುಗೆ ಎಣ್ಣೆಗೆ ಜಿಎಸ್‌ಟಿ 5%. ಫೋನ್ ಮಾಡಿ ಕೇಳಿದೆ. "ಹೌದ್ರಿ, ಆರ್ಡರ್ ಲಿಸ್ಟಿನಾಗ ಗಿರಾಕಿ ಕೊಟ್ಟ ರೊಕ್ಕ ಇರ್ತದ, ಅದನ್ನ ಕೂಡಿಸೇನಿ. ಟೇಬಲ್ ನಮ್ಮ ಅಕೌಂಟೆಂಟ್ ಮಾಡಿದ್ದು" ಅಂದ. ಗಿರಾಕಿ ಕೊಟ್ಟ ದುಡ್ಡಲ್ಲಿ ಟ್ಯಾಕ್ಸ್ ಇದೆ, ಅದು ಕಂಪನಿ ಆದಾಯ ಅಲ್ಲ, ಸರ್ಕಾರದ್ದು. ಹಾಗಾಗಿ ಆದಾಯ ಅಂತ ಹಾಕ್ಬೇಕಾಗಿದ್ದು 80. ರಿಟರ್ನ್ ತೆಗೆದು ನೋಡಿದ್ವಿ, ಹನ್ನೆರಡು ತಿಂಗಳ ಟ್ಯಾಕ್ಸಬಲ್ ವ್ಯಾಲ್ಯೂ ಕೂಡಿಸಿದ್ರೆ 80 ಲಕ್ಷಕ್ಕೆ ಸರಿಯಾಗಿ ಕೂತಿತು.

ವ್ಯತ್ಯಾಸ ಹೀಗೆ ಮಾತಾಡುತ್ತೆ. ಒಂದು ಅಂಕಿ ಇನ್ನೊಂದರ 1.05 ಅಥವಾ 1.18ರಷ್ಟಿದ್ರೆ ಜಿಎಸ್‌ಟಿ ಮೇಲೆ ಅನುಮಾನ ಪಡಿ. ಹತ್ತು ಪಟ್ಟು ವ್ಯತ್ಯಾಸ ಇದ್ರೆ ಲಕ್ಷ-ಮಿಲಿಯನ್ ಗೊಂದಲ, ಯಾಕಂದ್ರೆ ಒಂದು ಮಿಲಿಯನ್ ಅಂದ್ರೆ ಹತ್ತು ಲಕ್ಷ. ಟೇಬಲ್ ತಲೆ ಮೇಲೆ 'ಲಕ್ಷಗಳಲ್ಲಿ' ಅಂತ ಬರೆದು ಒಳಗೆ ಪೂರ್ತಿ ರೂಪಾಯಿ ತುಂಬಿರೋದನ್ನೂ ನೋಡಿದೀನಿ. ವ್ಯತ್ಯಾಸಕ್ಕೆ ಯಾವ ಪ್ರಮಾಣಾನೂ ಸಿಗ್ಲಿಲ್ಲ ಅಂದ್ರೆ ಅವಧಿ ನೋಡಿ, ಒಬ್ಬರು ಏಪ್ರಿಲ್-ಮಾರ್ಚ್ ಹಿಡಿದಿರ್ತಾರೆ, ಇನ್ನೊಬ್ಬರು ಜನವರಿ-ಡಿಸೆಂಬರ್.

ಕೂಡಿಸಿ ನೋಡಿ, ಟೇಬಲ್ಲನ್ನ ನಂಬ್ಬೇಡಿ

ಕೇಳಿದ ದುಡ್ಡು 60 ಲಕ್ಷ. ಅದನ್ನ ಎಲ್ಲೆಲ್ಲಿ ಖರ್ಚು ಮಾಡ್ತೀವಿ ಅನ್ನೋ ಟೇಬಲ್ಲಲ್ಲಿ ಮಷೀನು ಮತ್ತೆ ಶೆಡ್ಡಿಗೆ 24, ಮಾರ್ಕೆಟಿಂಗಿಗೆ 16, ಸಂಬಳಕ್ಕೆ 10, ಕಾಳು ಖರೀದಿಗೆ 14. ಕೆಳಗೆ ಒಟ್ಟು 60 ಅಂತ ದಪ್ಪಕ್ಷರದಲ್ಲಿ. ಬಾಯಲ್ಲೇ ಕೂಡಿಸಿ, 64 ಆಗುತ್ತೆ. ಮೂರು ಜನ ಓದಿದ್ರಂತೆ ಈ ಪ್ಲಾನ್‌ನ, ಒಬ್ಬರೂ ಕೂಡಿಸಿ ನೋಡಿಲ್ಲ! ಮೊದಲು ಕಾಳಿಗೆ 10 ಇಟ್ಟಿದ್ದ, ಶೇಂಗಾ ರೇಟು ಏರಿದ್ದಕ್ಕೆ 14 ಮಾಡಿದ, ವರ್ಡ್ ಫೈಲಲ್ಲಿ ಒಟ್ಟು ತಾನಾಗೇ ಬದಲಾಗಲ್ವಲ್ಲ, ಹಳೇ 60 ಹಾಗೇ ಉಳ್ಕೊಂಡಿತ್ತು.

ಎಕ್ಸೆಲಲ್ಲೂ ಇದೇ ರೋಗ ಬೇರೆ ರೂಪದಲ್ಲಿ ಇರುತ್ತೆ. ಕೊನೆಗೆ ಒಂದು ಸಾಲು ಹೊಸದಾಗಿ ಸೇರಿಸಿರ್ತಾರೆ, ಫಾರ್ಮುಲಾ ಮಾತ್ರ ಹಳೇ ಸಾಲಿಗೇ ನಿಂತಿರುತ್ತೆ:

```
=SUM(C5:C8)
```

ಖರ್ಚು C9ರ ತನಕ ಇದ್ರೆ ಕೊನೆಯದು ಲೆಕ್ಕಕ್ಕೇ ಬಂದಿರಲ್ಲ. ಎಕ್ಸೆಲಲ್ಲಿ `Ctrl` ಒತ್ಕೊಂಡು `1`ರ ಎಡಗಡೆ ಇರೋ `` ` `` ಕೀ ಒತ್ತಿದ್ರೆ ಅಂಕಿಗಳ ಜಾಗದಲ್ಲಿ ಫಾರ್ಮುಲಾಗಳು ಕಾಣಿಸ್ತವೆ, ಮತ್ತೆ ಒತ್ತಿದ್ರೆ ವಾಪಸ್. ಹಾಗೆ ಮಾಡಿದಾಗ ಒಟ್ಟು ಇರೋ ಜಾಗದಲ್ಲಿ ಫಾರ್ಮುಲಾ ಕಾಣದೆ ಬರೀ ಅಂಕಿ ಕಂಡ್ರೆ ಅದನ್ನ ಯಾರೋ ಕೈಯಲ್ಲಿ ಟೈಪ್ ಮಾಡಿದಾರೆ ಅಂತ ಅರ್ಥ. ಅಲ್ಲಿ ನಿಂತು ಕೇಳಿ.

ಇನ್ನು ಪಾಲಿನ ಲೆಕ್ಕ. ಪುಟ 2ರಲ್ಲಿ "60 ಲಕ್ಷಕ್ಕೆ 15% ಪಾಲು" ಅಂತ ಇತ್ತು, ಪುಟ 26ರಲ್ಲಿ "ಪ್ರೀ-ಮನಿ ವ್ಯಾಲ್ಯುಯೇಷನ್ 4 ಕೋಟಿ" ಅಂತ. ಎರಡೂ ಒಟ್ಟಿಗೆ ನಿಜ ಆಗೋಕೆ ಸಾಧ್ಯ ಇಲ್ಲ. ಪ್ರೀ-ಮನಿ ಅಂದ್ರೆ ದುಡ್ಡು ಬರೋ ಮುಂಚಿನ ಬೆಲೆ, ಪೋಸ್ಟ್-ಮನಿ ಅಂದ್ರೆ ಬಂದ ದುಡ್ಡೂ ಸೇರಿದ ಬೆಲೆ, ಪಾಲು ಲೆಕ್ಕ ಹಾಕೋದು ಪೋಸ್ಟ್-ಮನಿ ಮೇಲೆ. 60 ಲಕ್ಷ 15% ಆಗ್ಬೇಕು ಅಂದ್ರೆ ಪೋಸ್ಟ್-ಮನಿ 4 ಕೋಟಿ, ಪ್ರೀ-ಮನಿ 3.40 ಕೋಟಿ. ಪ್ರೀ-ಮನಿನೇ 4 ಕೋಟಿ ಅಂದ್ರೆ 60ನ್ನ 460ರಿಂದ ಭಾಗಿಸ್ಬೇಕು, ಇನ್ವೆಸ್ಟರಿಗೆ ಸಿಗೋದು ಸುಮಾರು 13%. ಎರಡು ಪರ್ಸೆಂಟ್ ತಾನೇ ಅಂತ ಅನ್ನಿಸಬಹುದು, ಆದ್ರೆ ಇದೇ ಅಂಕಿಗಾಗಿ ಮುಂದೆ ಟೇಬಲ್ ಆ ಕಡೆ ಈ ಕಡೆ ಕೂತು ಜಗ್ಗಾಡೋದು. ಇದನ್ನ ತಿದ್ದೋರು ತೀರ್ಮಾನ ಮಾಡೋ ಹಾಗಿಲ್ಲ, ಅವನ ಮನಸ್ಸಲ್ಲಿ ಯಾವ್ದಿತ್ತು ಅಂತ ಅವನೇ ಹೇಳ್ಬೇಕು. (3.40 ಅಂತ ಹೇಳಿದ, ಸ್ವಲ್ಪ ಬೇಜಾರಲ್ಲಿ.)

ಪರ್ಸೆಂಟಲ್ಲಿ ಇನ್ನೊಂದು ಮಾಮೂಲಿ ತಪ್ಪು: ಮುಂದಿನ ವರ್ಷ 80 ಲಕ್ಷದಿಂದ 2 ಕೋಟಿಗೆ ಹೋಗ್ತೀವಿ, "250% ಬೆಳವಣಿಗೆ" ಅಂತ ಬರೆದಿದ್ದ. ಎರಡೂವರೆ ಪಟ್ಟು ಆಗೋದು ಅಂದ್ರೆ 150% ಬೆಳವಣಿಗೆ.

ಅಂಕಿ ಹೊಂದಿದ್ರೂ ಕೆಲಸ ಆಗುತ್ತಾ ನೋಡಿ

ಈ ಹೆಜ್ಜೆ ಬಹಳ ಜನ ಬಿಡ್ತಾರೆ. ನನ್ನ ಕೇಳಿದ್ರೆ ಇದೇ ಮುಖ್ಯ.

2 ಕೋಟಿ ಆದಾಯಕ್ಕೆ 60,000 ಲೀಟರ್ ಮಾರ್ತೀವಿ ಅಂತ ಪ್ಲಾನಿನ ಪುಟ 19ರಲ್ಲಿತ್ತು. ಲೆಕ್ಕ ಸರಿ ಇದೆ, ಲೀಟರಿಗೆ ಸರಾಸರಿ 350 ರೂಪಾಯಿ ಅಂದ್ರೆ 2.10 ಕೋಟಿ, ಟ್ಯಾಕ್ಸ್ ತೆಗೆದ್ರೆ 2 ಕೋಟಿ. ಆದ್ರೆ ಅದೇ ಪ್ಲಾನಿನ ಪುಟ 14ರಲ್ಲಿ ಗಾಣದ ವಿವರ ಇದೆ: ಈಗ ಮೂರು ಗಾಣ, ಒಂದು ಗಾಣಕ್ಕೆ ಸಲಕ್ಕೆ 15 ಕೆಜಿ ಕಾಳು, ದಿನಕ್ಕೆ ಆರು ಸಲ, ಒಂದು ಲೀಟರ್ ಎಣ್ಣೆಗೆ ಎರಡೂವರೆ ಕೆಜಿ ಕಾಳು. ಕೂತು ಲೆಕ್ಕ ಹಾಕಿ. ದಿನಕ್ಕೆ 270 ಕೆಜಿ ಕಾಳು, 108 ಲೀಟರ್ ಎಣ್ಣೆ. ವರ್ಷಕ್ಕೆ 300 ದಿನ ಗಾಣ ತಿರುಗಿದ್ರೆ 32,400 ಲೀಟರ್. ಹೋದ ವರ್ಷ ಮಾರಿದ್ದು 24,000 ಲೀಟರ್, ಅದೇನೋ ಸರಿ. ಮುಂದಿನ ವರ್ಷ ಇನ್ನೆರಡು ಗಾಣ ಬರ್ತವೆ, ಆದ್ರೆ ಅಕ್ಟೋಬರಲ್ಲಿ ಅಂತ ಪುಟ 22 ಹೇಳುತ್ತೆ. ಅಂದ್ರೆ ಮೊದಲ ಆರು ತಿಂಗಳು ಮೂರೇ ಗಾಣ, 16,200 ಲೀಟರ್. ಆಮೇಲಿನ ಆರು ತಿಂಗಳು ಐದು ಗಾಣ, ದಿನಕ್ಕೆ 180ರ ಹಾಗೆ 27,000 ಲೀಟರ್. ಒಟ್ಟು 43,200.

ಒಂದು ದಿನಾನೂ ಗಾಣ ಕೆಡದೆ, ಕರೆಂಟ್ ಹೋಗದೆ, ತೆಗೆದ ಎಣ್ಣೆ ಹನಿ ಬಿಡದೆ ಮಾರಿದ್ರೂ 60,000 ಆಗಲ್ಲ. ಯಾವ ಒಂದು ಪುಟದಲ್ಲೂ ತಪ್ಪಿಲ್ಲ ಇಲ್ಲಿ, ಪುಟ 14, 19, 22 ಮೂರನ್ನೂ ಒಟ್ಟಿಗೆ ಇಟ್ಟಾಗ ಮಾತ್ರ ತಪ್ಪು ಕಾಣಿಸೋದು. ಗೆಳೆಯನಿಗೆ ಹೇಳಿದಾಗ ಐದು ನಿಮಿಷ ಮಾತಾಡ್ಲಿಲ್ಲ, ಆಮೇಲೆ ಎಲ್ಲಾ ಮತ್ತೆ ಕೂತು ಮಾಡಿ 36,000 ಲೀಟರ್, 1.20 ಕೋಟಿ ಅಂತ ಇಟ್ಟ. 50% ಬೆಳವಣಿಗೆ. ಕೇಳೋಕೆ ಸಣ್ಣದು ಅನ್ಸುತ್ತೆ, ಆದ್ರೆ ಯಾರಾದ್ರೂ ಕ್ಯಾಲ್ಕುಲೇಟರ್ ಹಿಡಿದ್ರೆ ನಿಲ್ಲುತ್ತೆ.

ನಿಮ್ಮದು ಎಣ್ಣೆ ಬದಲು ಸಾಫ್ಟ್‌ವೇರ್ ಆದ್ರೂ ಇದೇ ಪ್ರಶ್ನೆ: ಈ ಮಾರಾಟಕ್ಕೆ ಎಷ್ಟು ಡೆಮೋ ಕೊಡ್ಬೇಕು, ಸಂಬಳದ ಟೇಬಲ್ಲಲ್ಲಿರೋ ಇಬ್ಬರು ಸೇಲ್ಸ್‌ನವರು ತಿಂಗಳಿಗೆ ಅಷ್ಟು ಕೊಡೋಕಾಗುತ್ತಾ?

"ಒಂದು ಪರ್ಸೆಂಟ್ ಸಿಕ್ಕಿದ್ರೂ ಸಾಕು"

ಮಾರ್ಕೆಟ್ ಅಧ್ಯಾಯ ಬಂತು ಅಂದ್ರೆ ನನಗೆ ಮೊದಲೇ ತಲೆನೋವು. ಭಾರತದ ಅಡುಗೆ ಎಣ್ಣೆ ಮಾರುಕಟ್ಟೆ ಅಷ್ಟು ಲಕ್ಷ ಕೋಟಿ, ಅದರಲ್ಲಿ ಒಂದು ಪರ್ಸೆಂಟ್ ಸಿಕ್ಕಿದ್ರೂ ಸಾಕು ಅನ್ನೋ ವಾಕ್ಯ ಇಲ್ಲೂ ಇತ್ತು. ದೇಶ ಬಳಸೋ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಹೊರಗಿಂದ ಬರೋದು, ಅದರಲ್ಲಿ ದೊಡ್ಡ ಪಾಲು ತಾಳೆ ಎಣ್ಣೆ, ಅದರಲ್ಲಿ ಬಹಳಷ್ಟು ಹೋಗೋದು ಹೋಟೆಲ್ಲು, ಬಿಸ್ಕೆಟ್ಟು, ಕುರುಕಲು ತಿಂಡಿ ಫ್ಯಾಕ್ಟರಿಗೆ. ಅವರ್ಯಾರೂ 350 ರೂಪಾಯಿ ಕೊಟ್ಟು ಗಾಣದೆಣ್ಣೆ ತಗೊಳಲ್ಲ. ಅಂದ್ಮೇಲೆ ಅದು ಇವನ ಮಾರ್ಕೆಟ್ಟೇ ಅಲ್ಲ.

ತಿದ್ದೋವಾಗ ಇಂಥ ವಾಕ್ಯಗಳಿಗೆಲ್ಲ ಹಳದಿ ಬಣ್ಣ ಬಳೀರಿ: ವೇಗವಾಗಿ ಬೆಳೀತಿರೋ, ಅಪಾರ ಬೇಡಿಕೆ, ಮೊದಲ, ಏಕೈಕ, ನಂಬರ್ ಒನ್, ಸಾವಿರಾರು ಗ್ರಾಹಕರು. ಪ್ರತಿಯೊಂದಕ್ಕೂ ಕೇಳಿ, ಎಷ್ಟು, ಎಲ್ಲಿ, ಯಾವಾಗ, ಎಣಿಸಿದ್ದು ಯಾರು? ನಾಲ್ಕಕ್ಕೂ ಉತ್ತರ ಇಲ್ಲ ಅಂದ್ರೆ ವಾಕ್ಯ ತೆಗೀರಿ. "ಕೊಲೆಸ್ಟ್ರಾಲ್ ಇಲ್ಲದ ಎಣ್ಣೆ" ಅಂತಾನೂ ಇತ್ತು, ಕೊಲೆಸ್ಟ್ರಾಲ್ ಇರೋದು ಪ್ರಾಣಿಮೂಲದ ಕೊಬ್ಬಲ್ಲಿ, ಅಂಗಡಿಯ ಯಾವ ಸಸ್ಯದ ಎಣ್ಣೆಗೂ ಆ ಮಾತು ಅನ್ವಯಿಸುತ್ತೆ, ಅದು ಇವನ ವಿಶೇಷ ಹೇಗಾಯ್ತು.

ಇದರಲ್ಲಿ ಮಜಾ ಅನ್ನಿಸಿದ್ದು "10,000ಕ್ಕೂ ಹೆಚ್ಚು ಸಂತೃಪ್ತ ಗ್ರಾಹಕರು". ಕೇಳೋಕೆ ಚೆಂದ. ಆದ್ರೆ ವರ್ಷಕ್ಕೆ ಮಾರಿದ್ದು 24,000 ಲೀಟರ್ ಅಂತ ಅವನೇ ಬರೆದಿದಾನೆ, ಭಾಗಿಸಿದ್ರೆ ತಲೆಗೆ 2.4 ಲೀಟರ್, ಅದೂ ವರ್ಷಕ್ಕೆ. ಇನ್ವೆಸ್ಟರಿಗೆ ಇದು ಹೇಗೆ ಕೇಳ್ಸುತ್ತೆ ಅಂದ್ರೆ, ಒಂದೆರಡು ಬಾಟ್ಲಿ ತಗೊಂಡವರು ತಿರುಗಿ ಬಂದಿಲ್ಲ ಅಂತ. ಹೊಗಳಿಕೊಳ್ಳೋಕೆ ಬರೆದದ್ದು ತಿರುಗಿ ಕಚ್ಚಿತು. ನಿಜ ಏನಂದ್ರೆ 10,000 ಅನ್ನೋದು ಶುರುವಿನಿಂದ ಅವನ ಫೋನಲ್ಲಿ ಸೇರಿದ ನಂಬರುಗಳು, ವಿಚಾರಿಸಿ ಸುಮ್ಮನಾದವರೂ ಸೇರಿ. ಆರ್ಡರ್ ಲಿಸ್ಟಲ್ಲಿ ಪದೇ ಪದೇ ತಗೊಳ್ಳೋ ಮನೆಗಳನ್ನ ಎಣಿಸಿದ್ರೆ 1,100, ಅವರು ಮನೆಗೆ ವರ್ಷಕ್ಕೆ ಸರಾಸರಿ 18 ಲೀಟರ್ ತಗೊಂಡಿದಾರೆ. 24,000ದಲ್ಲಿ 19,800 ಲೀಟರ್ ಇವರದ್ದೇ! ಇದಕ್ಕಿಂತ ಒಳ್ಳೆ ಸುದ್ದಿ ಆ ಪ್ಲಾನಲ್ಲಿ ಬೇರೆ ಇರ್ಲಿಲ್ಲ, ಅದನ್ನ ಬಿಟ್ಟು ಹತ್ತು ಸಾವಿರದ ಹಿಂದೆ ಹೋಗಿದ್ದ.

ಮಾರ್ಕೆಟ್ಟನ್ನ ಕೆಳಗಿಂದ ಕಟ್ಟಿದ್ವಿ. ಹುಬ್ಬಳ್ಳಿ-ಧಾರವಾಡ ಜನಸಂಖ್ಯೆ 2011ರ ಜನಗಣತಿಯಲ್ಲಿ 9.4 ಲಕ್ಷ, ಮನೆಗೆ ನಾಲ್ಕೂವರೆ-ಐದು ಜನ ಅಂದ್ರೆ ಸುಮಾರು 2 ಲಕ್ಷ ಮನೆ. 36,000 ಲೀಟರನ್ನ ಮನೆಗೆ 18ರಂತೆ ಹಂಚಿದ್ರೆ 2,000 ಮನೆ ಬೇಕು, ನೂರು ಮನೆಗೆ ಒಂದು. ಇದೂ ಒಂದು ಪರ್ಸೆಂಟೇ ನೋಡಿ. ಆದ್ರೆ ಈ ಒಂದು ಪರ್ಸೆಂಟಿಗೆ ಬೀದಿ ಇದೆ, ಬಾಗಿಲಿದೆ, ಇನ್ನೂ 900 ಮನೆ ಸೇರಿಸ್ಬೇಕು ಅನ್ನೋ ಲೆಕ್ಕ ಇದೆ. ಜನಗಣತಿ ಹಳೇದು ಅನ್ನೋದನ್ನ ಪ್ಲಾನಲ್ಲೇ ಬರೆಸಿದೆ, ಮುಚ್ಚಿಡೋಕೆ ಏನಿದೆ ಅದರಲ್ಲಿ.

ಕಂಪನಿ ಯಾರು ಅಂತ ಒಂದೇ ಬಾಯಲ್ಲಿ ಹೇಳಿ

ಪುಟ 1ರಲ್ಲಿ "ಪ್ಯಾನ್ ಇಂಡಿಯಾ ಹೆಲ್ತ್ ಫುಡ್ ಬ್ರ್ಯಾಂಡ್", ಪುಟ 8ರಲ್ಲಿ "ರೈತರನ್ನ ಜೋಡಿಸೋ ಆಗ್ರಿಟೆಕ್ ಪ್ಲಾಟ್‌ಫಾರ್ಮ್", ಪುಟ 14ರಲ್ಲಿ "ಎಣ್ಣೆ ತಯಾರಕರು". ಬೇರೆ ಬೇರೆ ದಿನ ಬೇರೆ ಬೇರೆ ಕಡೆ ಕಳಿಸೋಕೆ ಬರೆದದ್ದನ್ನ ಒಂದಕ್ಕೊಂದು ಅಂಟಿಸಿದ್ದು ಅಂತ ನೋಡಿದ ಕೂಡ್ಲೇ ಗೊತ್ತಾಗುತ್ತೆ. ಇದಕ್ಕೆ ಮದ್ದು ಸರಳ: ದುಡ್ಡು ಎಲ್ಲಿಂದ ಬರುತ್ತೆ ನೋಡಿ, ಅದೇ ಕಂಪನಿ. ಆರ್ಡರುಗಳ ಪಿನ್‌ಕೋಡ್ ನೋಡಿದ್ರೆ ಹೆಚ್ಚುಕಮ್ಮಿ ಎಲ್ಲಾ ಅವಳಿ ನಗರದ್ದೇ, ಬೆಂಗಳೂರು ಪುಣೆಗೆ ಕೊರಿಯರಲ್ಲಿ ಹೋಗಿದ್ದು 60 ಆರ್ಡರು. ಪ್ಯಾನ್ ಇಂಡಿಯಾ ಹೋಯ್ತು. ರೈತರ ಆ್ಯಪ್ ಅನ್ನೋದು ಒಂದು ವಾಟ್ಸಾಪ್ ಗ್ರೂಪು, ಆಗ್ರಿಟೆಕ್ಕೂ ಹೋಯ್ತು. ಉಳಿದ ವಾಕ್ಯ: "ಹುಬ್ಬಳ್ಳಿ-ಧಾರವಾಡದಲ್ಲಿ ಶೇಂಗಾ ಮತ್ತು ಕುಸುಬೆಯ ಗಾಣದೆಣ್ಣೆ ತಯಾರಿಸಿ ನೇರ ಮನೆಗಳಿಗೆ ಮಾರುವ ಕಂಪನಿ." ಈ ವಾಕ್ಯವನ್ನ ಒಂದು ಕಡೆ ಬರೆದಿಟ್ಕೊಂಡು ಎಲ್ಲಾ ಕಡೆ ಅದನ್ನೇ ಹಾಕಿ, ಪ್ಲಾನಲ್ಲಿ, ಕವರಿಂಗ್ ಮೇಲಲ್ಲಿ, ವೆಬ್‌ಸೈಟಲ್ಲಿ.

ಶುರುವಾದ ವರ್ಷಕ್ಕೆ ಸರ್ಟಿಫಿಕೇಟ್ ತೆಗೀರಿ. ಪ್ರೈವೇಟ್ ಲಿಮಿಟೆಡ್ ಕಂಪನಿಯ ಸಿಐಎನ್, ಅಂದ್ರೆ ಅದರ ಗುರುತಿನ ಸಂಖ್ಯೆ, 21 ಅಕ್ಷರ-ಅಂಕಿಗಳದ್ದು, ಅದರೊಳಗೇ ರಾಜ್ಯ ಮತ್ತೆ ನೋಂದಣಿ ವರ್ಷ ಇರುತ್ತೆ:

```
UXXXXXKA2021PTCXXXXXX
```

ಪ್ಲಾನಲ್ಲಿ "2018ರಿಂದ" ಅಂತ ಇತ್ತು, ಸಿಐಎನ್ 2021 ಅಂತಿದೆ. ಅವನು ಸುಳ್ಳು ಹೇಳಿರ್ಲಿಲ್ಲ, 2018ರಲ್ಲಿ ಅಪ್ಪನ ಹೆಸರಲ್ಲಿ ಸಣ್ಣ ಗಾಣ ಶುರುಮಾಡಿದ್ದ, 2021ರಲ್ಲಿ ಕಂಪನಿ ಮಾಡಿದ. ಎರಡನ್ನೂ ಒಂದೇ ವಾಕ್ಯದಲ್ಲಿ ಹಾಗೇ ಬರೆದ್ರೆ ಮುಗೀತು. ಆದ್ರೆ ಈ ದಾರ ಎಳೆದಾಗ ಇನ್ನೊಂದು ಬಂತು, ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ಇನ್ನೂ ಅಪ್ಪನ ಹಳೇ ಫರ್ಮ್ ಹೆಸರಲ್ಲೇ ಇತ್ತು, ಬಿಲ್ಲು ಮಾತ್ರ ಕಂಪನಿ ಹೆಸರಲ್ಲಿ. ಇದು ಪೆನ್ನಲ್ಲಿ ತಿದ್ದೋ ತಪ್ಪಲ್ಲ. ನಾನು ಕಾಮೆಂಟ್ ಹಾಕಿ ಅವನ ಸಿಎ ಹತ್ರ ಕಳಿಸಿದೆ, ಸೋಮವಾರದ ಬದಲು ಎರಡು ವಾರ ತಡವಾಗಿ ಪ್ಲಾನ್ ಹೋಯ್ತು. ಇಂಥದ್ದು ಸಿಕ್ಕಾಗ ವಾಕ್ಯವನ್ನ ನುಣುಪು ಮಾಡಿ ಮರೆಸೋಕೆ ಹೋಗ್ಬೇಡಿ.

"200 ರೈತರಿಂದ ನೇರ ಖರೀದಿ" ಅನ್ನೋದನ್ನೂ ಖರೀದಿ ಪುಸ್ತಕದ ಜೊತೆ ಇಟ್ಟು ನೋಡಿದ್ವಿ, ರೈತರು 35, ಉಳಿದ ಕಾಳು ಎಪಿಎಂಸಿ ವ್ಯಾಪಾರಿಗಳಿಂದ. ಹಾಗೇ ಬರೆದ್ವಿ.

ಭಾಷೆ ಕೊನೆಗೆ

ಇಷ್ಟೆಲ್ಲ ಆದ್ಮೇಲೆ ಕಾಗುಣಿತ. ಮೊದಲೇ ಮಾಡಿದ್ರೆ ಆಮೇಲೆ ಅರ್ಧ ವಾಕ್ಯ ಹಾರಿಹೋಗ್ತವೆ, ಶ್ರಮ ದಂಡ. ಪ್ಲಾನ್ ಇಂಗ್ಲಿಷಲ್ಲಿದ್ರೆ ಒಂದು ಸಲ ಜೋರಾಗಿ ಓದ್ಸಿ, ಉಸಿರು ಕಟ್ಟೋ ಕಡೆ ವಾಕ್ಯ ಒಡೀರಿ. ಅಂಕಿ ಬರೆಯೋ ರೀತಿ ಒಂದೇ ಇರ್ಲಿ, 80,00,000 ಅಂತ ಒಂದ್ಕಡೆ 8,000,000 ಅಂತ ಇನ್ನೊಂದ್ಕಡೆ ಬೇಡ. ಹಳೇ ಅಂಕಿಗಳನ್ನ `Ctrl+F` ಒತ್ತಿ ಹುಡುಕಿ: 84, 250%, 2018, 10,000. ನಮ್ಮ ಫೈಲಲ್ಲಿ 84 ಎಲ್ಲೂ ಸಿಗ್ಲಿಲ್ಲ, ಮುಗೀತು ಅಂತ ಪಿಡಿಎಫ್ ಮಾಡಿ ನನ್ನ ಫೋನಲ್ಲಿ ಒಂದು ಸಲ ಸುಮ್ನೆ ಜಾರಿಸ್ತಾ ಹೋದೆ, ಪುಟ 11ರ ಗ್ರಾಫಲ್ಲಿ ತಿಂಗಳಿಗೆ 7 ಲಕ್ಷ ಹಾಗೇ ಕೂತಿದೆ. ಗ್ರಾಫನ್ನ ಚಿತ್ರವಾಗಿ ಅಂಟಿಸಿದ್ದ, ಎಕ್ಸೆಲಲ್ಲಿ ಅಂಕಿ ಬದಲಾಯಿಸಿದ್ರೆ ಚಿತ್ರ ಬದಲಾಗಲ್ಲ, ಹುಡುಕಿದ್ರೂ ಸಿಗಲ್ಲ. ಮತ್ತೆ ಫೋನ್ ಮಾಡಿದೆ. "ಇನ್ನೂ ಐತೇನ್ರಿ?" ಅಂದ.